ವಾರದ ರಿವ್ಯೂ: ಬಾಕಿಗಳನ್ನು ಮುಚ್ಚಿ ಮುಂದಿನ ವಾರ ಹೊಂದಿಸೋದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ವಾರದ ರಿವ್ಯೂನಲ್ಲಿ ಮಾಡೋದಾದರೂ ಏನು?

ವಾರಕ್ಕೊಮ್ಮೆ, ಒಂದು ನಿಗದಿತ ಹೊತ್ತಿನಲ್ಲಿ ಕೂತು ಎರಡು ಕೆಲಸ ಮಾಡುತ್ತೀರಿ. ಮೊದಲನೆಯದು, ಅರ್ಧಕ್ಕೆ ನಿಂತಿರುವ ಎಲ್ಲವನ್ನೂ ಒಂದು ಕಡೆ ತಂದು, ಪ್ರತಿಯೊಂದಕ್ಕೂ ಮುಂದೇನು ಅಂತ ತೀರ್ಮಾನಿಸೋದು. ಎರಡನೆಯದು, ಮುಂದಿನ ವಾರದಲ್ಲಿ ನಿಜವಾಗಿ ಎಷ್ಟು ಗಂಟೆ ಕೈಯಲ್ಲಿದೆ ಅಂತ ಲೆಕ್ಕ ಹಾಕಿ, ಅಷ್ಟಕ್ಕೆ ಹಿಡಿಸುವ ಕೆಲಸ ಮಾತ್ರ ಆರಿಸೋದು.

ಇಲ್ಲಿ ಒಂದು ವಿಷಯ ಮೊದಲೇ ಸ್ಪಷ್ಟವಾಗಿರಲಿ. ರಿವ್ಯೂ ಹೊತ್ತು ತೀರ್ಮಾನ ಮಾಡುವ ಹೊತ್ತು. ಕೆಲಸ ಮಾಡುವ ಹೊತ್ತು ಬೇರೆ. ಇದನ್ನು ಕಲಸಿಕೊಂಡವರ ರಿವ್ಯೂ ಎರಡೇ ವಾರಕ್ಕೆ ನಿಂತುಹೋಗುತ್ತದೆ. ಪಟ್ಟಿಯ ಮೂರನೇ ಸಾಲಿಗೆ ಬರುತ್ತಲೇ ‘ಇದನ್ನು ಈಗಲೇ ಮುಗಿಸಿಬಿಡೋಣ’ ಅನಿಸುತ್ತದೆ. ಮುಗಿಸಿ ತಲೆ ಎತ್ತುವಷ್ಟರಲ್ಲಿ ಒಂದು ಗಂಟೆ ಹೋಗಿರುತ್ತದೆ, ಉಳಿದ ನಲವತ್ತು ಸಾಲು ಹಾಗೇ ಇರುತ್ತವೆ.

‘ಬಾಕಿ’ ಅಂದರೆ ಯಾವುದನ್ನೆಲ್ಲ ಸೇರಿಸಬೇಕು?

ನಿಮಗೋ ಇನ್ನೊಬ್ಬರಿಗೋ ‘ಮಾಡ್ತೀನಿ’ ಅಂದು, ಮುಂದಿನ ಹೆಜ್ಜೆ ತೀರ್ಮಾನ ಆಗದೆ ಉಳಿದದ್ದೆಲ್ಲ ಬಾಕಿ. ದೊಡ್ಡದು ಚಿಕ್ಕದು ಅಂತಿಲ್ಲ. ಬಾಸ್ ಕೇಳಿದ ವರದಿಯೂ ಬಾಕಿಯೇ, ಸ್ನೇಹಿತರಿಗೆ ವಾಪಸ್ ಕೊಡಬೇಕಾದ ಪುಸ್ತಕವೂ ಬಾಕಿಯೇ.

ಪಟ್ಟಿಯಲ್ಲಿ ಬರೆದಿಟ್ಟ ಬಾಕಿಗಳಿಂದ ಅಷ್ಟು ತೊಂದರೆ ಇಲ್ಲ. ತೊಂದರೆ ಕೊಡೋದು ಎಲ್ಲೂ ಬರೆಯದವು. ಓದಿ ಉತ್ತರ ಕೊಡದೆ ಬಿಟ್ಟ ಮೆಸೇಜ್. ‘ಆಮೇಲೆ ನೋಡೋಣ’ ಅಂತ ತೆಗೆದ ಸ್ಕ್ರೀನ್‌ಶಾಟ್. ತೆರೆದೇ ಇಟ್ಟ ಬ್ರೌಸರ್ ಟ್ಯಾಬ್. ಮೀಟಿಂಗ್ ಮುಗಿಸಿ ಹೊರಗೆ ಬರುವಾಗ ಸಹೋದ್ಯೋಗಿಗೆ ಕೊಟ್ಟ ಮಾತು. ಮೇಜಿನ ಮೇಲೆ ಕೂತಿರುವ, ಅರ್ಧ ತುಂಬಿಸಿದ ಫಾರಂ. ಇವು ಒಂದೊಂದೂ ಒಂದೊಂದು ಕಡೆ ಬಿದ್ದಿರುವುದರಿಂದ, ಒಟ್ಟು ಎಷ್ಟಿವೆ ಅನ್ನೋದು ಯಾರಿಗೂ ಗೊತ್ತಿರುವುದಿಲ್ಲ. ಅದಕ್ಕೇ ಮೊದಲ ಸಲ ಎಲ್ಲವನ್ನೂ ಬರೆದಾಗ ಪಟ್ಟಿ ನೋಡಿ ಗಾಬರಿಯಾಗುತ್ತದೆ. ಗಾಬರಿ ಬೇಡ. ಬರೆದಿದ್ದರಿಂದ ಅವು ಜಾಸ್ತಿ ಆಗಲಿಲ್ಲ, ಮೊದಲೇ ಇದ್ದವು.

ಕೆಲಸ ಮುಗಿಸದೆ ಬಾಕಿ ಮುಚ್ಚೋದು ಹೇಗೆ ಸಾಧ್ಯ?

ಸಾಧ್ಯ. ಇಡೀ ರಿವ್ಯೂ ನಿಂತಿರುವುದೇ ಇದರ ಮೇಲೆ.

ಬ್ಲೂಮಾ ಝೈಗಾರ್ನಿಕ್ ಎಂಬ ಮನೋವಿಜ್ಞಾನಿ 1927ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಜನರಿಗೆ ಸಣ್ಣ ಸಣ್ಣ ಕೆಲಸಗಳನ್ನು ಕೊಟ್ಟು, ಕೆಲವನ್ನು ಮುಗಿಸಲು ಬಿಟ್ಟರು, ಕೆಲವನ್ನು ಮಧ್ಯದಲ್ಲೇ ನಿಲ್ಲಿಸಿದರು. ಆಮೇಲೆ ಕೇಳಿದಾಗ, ಮಧ್ಯದಲ್ಲಿ ನಿಂತ ಕೆಲಸಗಳೇ ಅವರಿಗೆ ಹೆಚ್ಚು ನೆನಪಿದ್ದವು. ನಂತರ ಇದೇ ಪ್ರಯೋಗ ಮಾಡಿದ ಎಲ್ಲರಿಗೂ ಅದೇ ಫಲಿತಾಂಶ ಸಿಗಲಿಲ್ಲ. ಹಾಗಾಗಿ ಇದೊಂದನ್ನೇ ನಂಬಿ ಕೂರಬೇಕಿಲ್ಲ.

ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ ಸಂಶೋಧನೆ 2011ರಲ್ಲಿ ಮಾಸಿಕಾಂಪೊ ಮತ್ತು ಬೌಮೈಸ್ಟರ್ ಎಂಬ ಮನೋವಿಜ್ಞಾನಿಗಳು ಪ್ರಕಟಿಸಿದ್ದು. ಮುಗಿಯದ ಗುರಿಯೊಂದು ತಲೆಯಲ್ಲಿದ್ದರೆ, ಅದಕ್ಕೆ ಸಂಬಂಧವೇ ಇಲ್ಲದ ಬೇರೆ ಕೆಲಸ ಮಾಡುವಾಗಲೂ ಅದು ಮಧ್ಯೆ ಮಧ್ಯೆ ನುಗ್ಗಿ ಅಡ್ಡಿ ಮಾಡುವುದನ್ನು ಅವರು ಕಂಡರು. ಆದರೆ ಆ ಗುರಿಗೆ ಒಂದು ನಿರ್ದಿಷ್ಟ ಯೋಜನೆ ಬರೆದವರಿಗೆ ಈ ಅಡ್ಡಿ ಹೋಯಿತು. ಕೆಲಸ ಇನ್ನೂ ಆಗಿರಲಿಲ್ಲ, ಯಾವಾಗ ಹೇಗೆ ಮಾಡುವುದು ಅಂತ ಮಾತ್ರ ತೀರ್ಮಾನ ಆಗಿತ್ತು.

ಅಂದರೆ ಬಾಕಿ ಮುಚ್ಚಲು ತೀರ್ಮಾನ ಸಾಕು. ಆದರೆ ಅದು ನಿರ್ದಿಷ್ಟವಾಗಿರಬೇಕು. ‘ವಿಮೆ ವಿಷಯ ನೋಡಬೇಕು’ ಅಂತ ಬರೆದರೆ ತೀರ್ಮಾನ ಆದಂತಲ್ಲ. ‘ಮಂಗಳವಾರ ಬೆಳಗ್ಗೆ ಕಂಪನಿಗೆ ಫೋನ್ ಮಾಡಿ, ನವೀಕರಣಕ್ಕೆ ಯಾವ ಕಾಗದ ಬೇಕು ಅಂತ ಕೇಳೋದು’ ಅಂದರೆ ಆಯಿತು.

ಯಾವ ಯಾವ ರೀತಿ ತೀರ್ಮಾನ ಮಾಡಬಹುದು?

ಐದೇ ದಾರಿ. ಈಗಲೇ ಮಾಡಿ ಮುಗಿಸುವುದು. ಮುಂದಿನ ಹೆಜ್ಜೆ ಬರೆದು ಮುಂದಿನ ವಾರಕ್ಕೆ ಹಾಕುವುದು. ಬೇರೆಯವರ ಕೈಯಲ್ಲಿದ್ದರೆ ‘ಕಾಯುತ್ತಿರುವುದು’ ಪಟ್ಟಿಗೆ ಸೇರಿಸುವುದು. ಈಗ ಬೇಡ ಅನಿಸಿದರೆ ‘ಮುಂದೆಂದಾದರೂ’ ಪಟ್ಟಿಗೆ ಹಾಕುವುದು. ಇಲ್ಲವೇ ಕೈಬಿಡುವುದು.

‘ಈಗಲೇ ಮಾಡು’ ಬಗ್ಗೆ ಒಂದು ಎಚ್ಚರಿಕೆ. ಎರಡು ನಿಮಿಷದಲ್ಲಿ ಆಗುವುದನ್ನು ಅಲ್ಲೇ ಮಾಡಿಬಿಡಿ ಅನ್ನುವ ನಿಯಮ ತುಂಬಾ ಜನಪ್ರಿಯ. ದಿನನಿತ್ಯದ ಕೆಲಸಕ್ಕೆ ಅದು ಒಳ್ಳೆಯದೇ. ರಿವ್ಯೂನಲ್ಲಿ ಮಾತ್ರ ಹಾಗೇ ಪಾಲಿಸಬೇಡಿ. ಅಂಥ ಇಪ್ಪತ್ತು ಕೆಲಸ ಸಿಕ್ಕರೆ ನಲವತ್ತು ನಿಮಿಷ ಅಲ್ಲೇ ಮುಗಿಯಿತು. ಅವಕ್ಕೊಂದು ಗುರುತು ಹಾಕಿ, ರಿವ್ಯೂ ಮುಗಿದ ಮೇಲೆ ಒಟ್ಟಿಗೆ ಮಾಡಿ.

ಕೈಬಿಡುವುದು ಈ ಐದರಲ್ಲಿ ಅತಿ ಕಷ್ಟದ್ದು, ಅತಿ ಕಡಿಮೆ ಬಳಕೆಯಾಗುವುದೂ ಅದೇ. ಇನ್ನೊಬ್ಬರಿಗೆ ಮಾತು ಕೊಟ್ಟಿದ್ದರೆ ಸುಮ್ನೆ ಅಳಿಸಿದರೆ ಸಾಲದು. ಅವರಿಗೆ ಹೇಳಬೇಕು. ‘ಈ ತಿಂಗಳು ನನ್ನಿಂದ ಆಗುವುದಿಲ್ಲ, ಕಾಯಬೇಡಿ’ ಅನ್ನುವ ಒಂದು ಸಾಲು ಕಳಿಸುವವರೆಗೂ ಆ ಬಾಕಿ ಇಬ್ಬರ ತಲೆಯಲ್ಲೂ ತೆರೆದೇ ಇರುತ್ತದೆ.

ಯಾವ ದಿನ ಮಾಡಬೇಕು?

ಕೆಲಸದ ವಾರದ ಕೊನೆಯ ದಿನ, ಮಧ್ಯಾಹ್ನದ ಮೇಲೆ, ಆಫೀಸು ಮುಚ್ಚುವುದಕ್ಕೆ ಸುಮಾರು ಎರಡು ಗಂಟೆ ಮುಂಚೆ. ನನ್ನ ಸಲಹೆ ಇದು, ಕಾರಣವೂ ಇದೆ. ರಿವ್ಯೂ ಮಾಡುವಾಗ ಏನಾದರೂ ಮರೆತದ್ದು ಸಿಕ್ಕೇ ಸಿಗುತ್ತದೆ. ಆಗ ಬೇರೆಯವರು ಇನ್ನೂ ಫೋನ್ ಎತ್ತುತ್ತಿರಬೇಕು. ರಜೆಯ ರಾತ್ರಿ ಸಿಕ್ಕರೆ ನೀವು ಏನೂ ಮಾಡುವಂತಿಲ್ಲ, ಚಿಂತೆ ಮಾತ್ರ ಮಾಡಬಹುದು. ಜೊತೆಗೆ, ಆ ವಾರ ಯಾರು ಏನು ಹೇಳಿದರು ಅನ್ನೋದು ಇನ್ನೂ ನೆನಪಿನಲ್ಲಿರುತ್ತದೆ.

ರಜೆಯ ದಿನ ಸಂಜೆ ಮಾಡುವವರೂ ಇದ್ದಾರೆ. ಮನೆ, ಮಕ್ಕಳು, ಸ್ವಂತ ಓದು, ಇವೇ ಬಾಕಿಗಳಲ್ಲಿ ಜಾಸ್ತಿ ಇದ್ದರೆ ಅದು ಸರಿಹೋಗುತ್ತದೆ. ವಾರದ ಮೊದಲ ದಿನ ಬೆಳಗ್ಗೆ ಮಾತ್ರ ಬೇಡ. ಆ ಹೊತ್ತಿಗೆ ಹೊಸ ವಾರದ ಮೇಲ್‌ಗಳು ಬಂದಾಗಿರುತ್ತವೆ. ನಿಮ್ಮ ವಾರವನ್ನು ಅವೇ ಹೊಂದಿಸಿಬಿಡುತ್ತವೆ.

ಎಷ್ಟು ಹೊತ್ತು ಬೇಕು?

ಮೊದಲ ಸಲ ಎರಡರಿಂದ ಮೂರು ಗಂಟೆ ಇಟ್ಟುಕೊಳ್ಳಿ, ಏಕೆಂದರೆ ತಿಂಗಳುಗಟ್ಟಲೆ ಸೇರಿದ್ದು ಹೊರಗೆ ಬರುತ್ತದೆ. ಆಮೇಲೆ ಒಂದು ಗಂಟೆ ಸಾಕು. ಪ್ರತಿ ವಾರ ತೊಂಬತ್ತು ನಿಮಿಷ ದಾಟುತ್ತಿದ್ದರೆ ನೀವು ರಿವ್ಯೂ ಮಧ್ಯೆ ಕೆಲಸ ಮಾಡುತ್ತಿದ್ದೀರಿ, ಇಲ್ಲವೇ ಪಟ್ಟಿಯಲ್ಲಿ ಕೈಬಿಡಬೇಕಾದದ್ದು ತುಂಬಿಕೊಂಡಿದೆ ಅಂತ ಅರ್ಥ.

ಯಾವ ಕ್ರಮದಲ್ಲಿ ಮಾಡಬೇಕು?

ಮೊದಲು ಸೇರಿಸುವುದು. ನೋಟ್‌ಬುಕ್, ಫೋನಿನ ನೋಟ್ಸ್, ಸ್ಕ್ರೀನ್‌ಶಾಟ್, ಮೆಸೇಜ್, ಮೇಲ್, ಬ್ಯಾಗು, ಮೇಜು, ಎಲ್ಲ ಕಡೆ ಒಂದು ಸುತ್ತು ಹೋಗಿ, ಬಾಕಿ ಅನಿಸಿದ್ದನ್ನು ಒಂದೇ ಪಟ್ಟಿಗೆ ಬರೆಯಿರಿ. ಕೊನೆಗೆ ಐದು ನಿಮಿಷ ಸುಮ್ಮನೆ ಕೂತು ತಲೆಯಲ್ಲಿ ಇನ್ನೇನಿದೆ ಅಂತ ನೋಡಿ. ಈ ಹಂತದಲ್ಲಿ ಯಾವುದನ್ನೂ ತೀರ್ಮಾನಿಸಬೇಡಿ.

ನಂತರ ಕ್ಯಾಲೆಂಡರ್. ಮೊದಲು ಹಿಂದಕ್ಕೆ ಎರಡು ವಾರ ನೋಡಿ. ಪ್ರತಿ ಮೀಟಿಂಗ್ ಎದುರು ‘ಇಲ್ಲಿ ನಾನು ಏನಾದರೂ ಒಪ್ಪಿಕೊಂಡೆನಾ?’ ಅಂತ ಕೇಳಿಕೊಳ್ಳಿ. ಬರೆಯದೆ ಉಳಿದ ಮಾತುಗಳು ಹೆಚ್ಚಾಗಿ ಇಲ್ಲೇ ಸಿಗುವುದು. ಆಮೇಲೆ ಮುಂದಕ್ಕೆ ನಾಲ್ಕು ವಾರ ನೋಡಿ. ಇಲ್ಲಿ ಕೇಳಬೇಕಾದದ್ದು ‘ಆ ದಿನಕ್ಕೆ ಮುಂಚೆ ಏನು ಆಗಿರಬೇಕು?’ ಅಂತ. ಮುಂದಿನ ವಾರವನ್ನು ಮಾತ್ರ ನೋಡಿದರೆ, ಮೂರನೇ ವಾರದ ಕಾರ್ಯಕ್ರಮಕ್ಕೆ ಈಗಲೇ ಶುರುವಾಗಬೇಕಾದ ಸಿದ್ಧತೆ ಕಣ್ಣಿಗೇ ಬೀಳುವುದಿಲ್ಲ.

ಆಮೇಲೆ ಕಾಯುತ್ತಿರುವ ಪಟ್ಟಿ, ನಡೆಯುತ್ತಿರುವ ಯೋಜನೆಗಳ ಪಟ್ಟಿ. ಪ್ರತಿ ಯೋಜನೆಗೂ ಕನಿಷ್ಠ ಒಂದು ಮುಂದಿನ ಹೆಜ್ಜೆ ಬರೆದಿದೆಯಾ ಅಂತ ನೋಡಿ. ಇಲ್ಲದಿದ್ದರೆ ಆ ಯೋಜನೆ ನಿಂತಿದೆ. ನಿಂತಿರುವುದು ನಿಮಗೆ ಇನ್ನೂ ಗೊತ್ತಾಗಿಲ್ಲ, ಅಷ್ಟೇ. ಕಟ್ಟಕಡೆಗೆ ಗಂಟೆಗಳ ಲೆಕ್ಕ.

ಒಂದು ಉದಾಹರಣೆ ಕೊಡಬಹುದಾ?

ಒಬ್ಬ ಮಹಿಳೆ ಚಿಕ್ಕ ಸಂಸ್ಥೆಯೊಂದರಲ್ಲಿ ತರಬೇತಿ ಕಾರ್ಯಕ್ರಮಗಳನ್ನು ನೋಡಿಕೊಳ್ಳುತ್ತಾರೆ ಅಂದುಕೊಳ್ಳಿ. ಶುಕ್ರವಾರ ಮೂರೂವರೆಗೆ ರಿವ್ಯೂಗೆ ಕೂತಿದ್ದಾರೆ. ಹದಿನೈದು ನಿಮಿಷ ಸೇರಿಸಿದ ಮೇಲೆ ಪಟ್ಟಿಯಲ್ಲಿ ಇವೆಲ್ಲ ಇವೆ: ನೋಟ್‌ಬುಕ್ಕಿನಲ್ಲಿ ‘ಹಾಲ್?’ ಅಂತ ಒಂದು ಪದ. ಕೈಪಿಡಿಯ ಅಂತಿಮ ಪಠ್ಯ ಕೇಳಿ ಮುದ್ರಕರು ಕಳಿಸಿದ, ಓದಿ ಬಿಟ್ಟ ಮೇಲ್. ನಾಲ್ಕು ವಾರದಿಂದ ಪಟ್ಟಿಯಲ್ಲೇ ಇರುವ ‘ವರದಿ’. ಒಂದು ಆನ್‌ಲೈನ್ ಕೋರ್ಸಿನ ಸ್ಕ್ರೀನ್‌ಶಾಟ್. ಹೊಸ ತರಬೇತಿಯೊಂದರ ರೂಪುರೇಷೆ. ತಿಂಗಳ ಬಜೆಟ್. ಅಮ್ಮನ ಕಣ್ಣಿನ ತಪಾಸಣೆ.

ಕ್ಯಾಲೆಂಡರ್ ಹಿಂದಕ್ಕೆ ತಿರುಗಿಸಿದಾಗ ಇನ್ನೊಂದು ಸಿಗುತ್ತದೆ. ಕಳೆದ ವಾರದ ಮೀಟಿಂಗ್ ಆದ ಮೇಲೆ ‘ನಿಮ್ಮ ಸ್ಲೈಡ್‌ಗಳನ್ನು ನೋಡಿ ಹೇಳ್ತೀನಿ’ ಅಂತ ಸಹೋದ್ಯೋಗಿಗೆ ಹೇಳಿದ್ದರು. ಎಲ್ಲೂ ಬರೆದಿರಲಿಲ್ಲ. ಮುಂದಕ್ಕೆ ನೋಡಿದಾಗ, ಮೂರನೇ ವಾರದಲ್ಲಿ ಕಾರ್ಯಾಗಾರ ಇದೆ. ಬರುವವರಿಗೆ ಎರಡು ವಾರ ಮುಂಚೆ ಆಹ್ವಾನ ಹೋಗಬೇಕು. ಅಂದರೆ ಬರುವ ಗುರುವಾರದೊಳಗೆ. ಹಾಲ್ ಖಚಿತವಾಗದೆ ಆಹ್ವಾನ ಕಳಿಸುವಂತಿಲ್ಲ. ನೋಟ್‌ಬುಕ್ಕಿನ ಆ ಒಂದು ಪದದ ತೂಕ ಈಗ ಗೊತ್ತಾಗುತ್ತದೆ.

ತೀರ್ಮಾನಗಳು ಹೀಗೆ. ಕಾರ್ಯಾಗಾರದ ಹಾಲ್ ನೋಡಿಕೊಳ್ಳುವವರಿಗೆ ಇವತ್ತೇ, ರಿವ್ಯೂ ಮುಗಿದ ತಕ್ಷಣ, ಅವರ ಆಫೀಸು ಮುಚ್ಚುವ ಮುಂಚೆ ಫೋನ್. ಮುದ್ರಕರಿಗೆ ‘ಸೋಮವಾರ ಸಂಜೆಯೊಳಗೆ ಪಠ್ಯ ಕಳಿಸ್ತೀನಿ’ ಅಂತ ಒಂದು ಸಾಲು, ಅದೂ ಫೋನ್ ಆದ ಮೇಲೆ. ಆನ್‌ಲೈನ್ ಕೋರ್ಸು ‘ಮುಂದೆಂದಾದರೂ’ ಪಟ್ಟಿಗೆ, ಸ್ಕ್ರೀನ್‌ಶಾಟ್ ಡಿಲೀಟ್. ಅಮ್ಮನ ತಪಾಸಣೆ ಬುಧವಾರ ಮಧ್ಯಾಹ್ನ ಅಂತ ಈಗಾಗಲೇ ಗೊತ್ತಾಗಿದೆ, ಅರ್ಧ ದಿನ ರಜೆ ಹಾಕಬೇಕಿದೆ ಅಷ್ಟೇ. ‘ವರದಿ’ಯನ್ನು ಒಡೆದು ನೋಡಿದರೆ ಅದರಲ್ಲಿ ಎರಡು ಭಾಗ: ಹಾಜರಾತಿ ಮತ್ತು ಅನಿಸಿಕೆಗಳನ್ನು ಒಟ್ಟು ಮಾಡುವುದು, ಆಮೇಲೆ ಬರೆಯುವುದು. ಒಂದೊಂದಕ್ಕೂ ಮೂರು ಗಂಟೆ.

ಈಗ ಗಂಟೆಗಳು. ವಾರಕ್ಕೆ 40 ಗಂಟೆ ಕೆಲಸ. ಅದರಲ್ಲಿ ಮೀಟಿಂಗ್ 13 ಗಂಟೆ. ಮೇಲ್, ಫೋನು, ಬಂದವರ ಜೊತೆ ಮಾತು ದಿನಕ್ಕೆ ಒಂದೂವರೆ ಗಂಟೆಯಂತೆ 7.5. ಬುಧವಾರದ ರಜೆ 4. ಉಳಿದದ್ದು 15.5 ಗಂಟೆ. ಇದರಲ್ಲಿ ಮೂರನೇ ಒಂದು ಭಾಗವನ್ನು ದಿಢೀರನೆ ಬರುವ ಕೆಲಸಕ್ಕೆ ಬಿಟ್ಟರೆ ಸುಮಾರು 10 ಗಂಟೆ ಸಿಗುತ್ತದೆ.

ಮಾಡಬೇಕು ಅಂದುಕೊಂಡಿದ್ದು ಎಷ್ಟು? ವರದಿ 6, ಕೈಪಿಡಿ ಪಠ್ಯ 3, ಸ್ಲೈಡ್ 1.5, ಬಜೆಟ್ 2, ಹೊಸ ತರಬೇತಿ ರೂಪುರೇಷೆ 5. ಒಟ್ಟು 17.5. ಹತ್ತು ಗಂಟೆಯೊಳಗೆ ಇದು ಹಿಡಿಸುವುದಿಲ್ಲ. ರೂಪುರೇಷೆಗೆ ಯಾರೂ ಕಾಯುತ್ತಿಲ್ಲ, ಅದು ಬರುವ ವಾರ ಬಿಟ್ಟು ಅದರ ಮುಂದಿನ ವಾರಕ್ಕೆ ಹೋಯಿತು. ವರದಿಯ ಮೊದಲ ಭಾಗ ಮಾತ್ರ ಬರುವ ವಾರ. ಈಗ ಒಟ್ಟು 9.5 ಗಂಟೆ. ಆಮೇಲೆ ಇವನ್ನು ಕ್ಯಾಲೆಂಡರಿನಲ್ಲಿ ಕೂರಿಸುತ್ತಾರೆ: ಸೋಮವಾರ ಬೆಳಗ್ಗೆ ಪಠ್ಯ, ಮಂಗಳವಾರ ಸ್ಲೈಡ್ ಮತ್ತು ಬಜೆಟ್, ಗುರುವಾರ ಆಹ್ವಾನ ಹೋದ ಮೇಲೆ ವರದಿ. ವರದಿ ಕೇಳಿದವರಿಗೂ ‘ಅಂಕಿಅಂಶ ಬರುವ ವಾರ ಸಿದ್ಧ, ಬರಹ ಅದರ ಮುಂದಿನ ವಾರ’ ಅಂತ ತಿಳಿಸುತ್ತಾರೆ.

ಗಮನಿಸಿ, ಈ ಒಂದು ಗಂಟೆಯಲ್ಲಿ ಅವರು ಯಾವ ಕೆಲಸವನ್ನೂ ಮುಗಿಸಲಿಲ್ಲ. ಆದರೆ ತಲೆಯಲ್ಲಿ ತೂಗಾಡುತ್ತಿದ್ದ ಎಂಟಕ್ಕೂ ಒಂದೊಂದು ಜಾಗ ಸಿಕ್ಕಿತು.

ಮೂರನೇ ಒಂದು ಭಾಗ ಖಾಲಿ ಬಿಡೋದು ಜಾಸ್ತಿ ಆಗಲ್ವಾ?

ಕೇಳಲು ಜಾಸ್ತಿ ಅನಿಸುತ್ತದೆ. ಆದರೆ ನಾವು ಹಾಕುವ ಅಂದಾಜುಗಳು ಸಾಮಾನ್ಯವಾಗಿ ಕಡಿಮೆಯೇ ಇರುತ್ತವೆ. ಮನೋವಿಜ್ಞಾನಿಗಳಾದ ಡೇನಿಯಲ್ ಕಾನೆಮನ್ ಮತ್ತು ಅಮೋಸ್ ಟ್ವೆರ್ಸ್ಕಿ 1979ರಲ್ಲೇ ಈ ದೋಷವನ್ನು ಗುರುತಿಸಿದ್ದರು. 1994ರಲ್ಲಿ ಪ್ರಕಟವಾದ ಬ್ಯೂಲರ್, ಗ್ರಿಫಿನ್ ಮತ್ತು ರಾಸ್ ಅವರ ಅಧ್ಯಯನದಲ್ಲಿ, ಪದವಿಯ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಎಷ್ಟು ದಿನ ಬೇಕು ಅಂತ ಕೇಳಿದರು. ಸರಾಸರಿ ಉತ್ತರ ಸುಮಾರು 34 ದಿನ. ಎಲ್ಲವೂ ಕೆಟ್ಟುಹೋದರೆ ಎಷ್ಟು ಅಂತ ಕೇಳಿದಾಗ ಸುಮಾರು 49 ಅಂದರು. ನಿಜಕ್ಕೂ ಹಿಡಿದದ್ದು ಸರಾಸರಿ 55 ದಿನಕ್ಕೂ ಹೆಚ್ಚು. ಅಂದರೆ ಅವರು ಊಹಿಸಿದ ಅತಿ ಕೆಟ್ಟ ಸ್ಥಿತಿಗಿಂತಲೂ ಜಾಸ್ತಿ.

ಅಂದಾಜು ಹಾಕುವಾಗ ನಮ್ಮ ಕಣ್ಣಮುಂದೆ ಬರುವುದು ಕೆಲಸ ಸಲೀಸಾಗಿ ನಡೆಯುವ ಚಿತ್ರ. ಹಿಂದಿನ ಸಲ ಎಷ್ಟು ಹಿಡಿಯಿತು ಅನ್ನೋದನ್ನು ನಾವು ನೋಡುವುದೇ ಇಲ್ಲ. ವಾರದ ರಿವ್ಯೂ ಇದನ್ನು ಸರಿಪಡಿಸಬಲ್ಲದು. ಪ್ರತಿ ವಾರ ಅಂದಾಜಿನ ಪಕ್ಕ ನಿಜವಾಗಿ ಹಿಡಿದ ಗಂಟೆ ಬರೆಯಿರಿ. ಒಂದೆರಡು ತಿಂಗಳಲ್ಲಿ ನಿಮ್ಮದೇ ಅಳತೆ ಸಿಗುತ್ತದೆ. ಬರೆಯುವ ಕೆಲಸಕ್ಕೆ ಅಂದಾಜಿನ ಎರಡು ಪಟ್ಟು, ಲೆಕ್ಕದ ಕೆಲಸಕ್ಕೆ ಅಂದಾಜಿನಷ್ಟೇ ಅಂತ ಗೊತ್ತಾದರೆ, ಮೂರನೇ ಒಂದು ಭಾಗದ ನಿಯಮ ಬಿಟ್ಟು ಅದನ್ನೇ ಬಳಸಿ.

ಒಂದೇ ಕೆಲಸ ಪ್ರತಿ ವಾರ ಮುಂದಕ್ಕೆ ಹೋಗ್ತಾ ಇದೆ. ಏನು ಮಾಡಲಿ?

ಮುಂದಕ್ಕೆ ತಳ್ಳಿದಾಗಲೆಲ್ಲ ಆ ಸಾಲಿನ ಪಕ್ಕ ಒಂದು ಗೆರೆ ಹಾಕಿ. ಮೂರು ಗೆರೆ ಆದರೆ ನಾಲ್ಕನೇ ಸಲ ಅದೇ ರೂಪದಲ್ಲಿ ತಳ್ಳಬಾರದು ಅಂತ ನಿಯಮ ಮಾಡಿಕೊಳ್ಳಿ. ಅದು ಯಾಕೆ ನಿಂತಿದೆ ಅಂತ ನೋಡಲೇಬೇಕು.

ಹೆಚ್ಚಿನ ಸಲ ಬರೆದಿರುವ ರೀತಿಯಲ್ಲೇ ತೊಂದರೆ ಇರುತ್ತದೆ. ‘ವರದಿ’, ‘ವೆಬ್‌ಸೈಟ್’, ‘ಬ್ಯಾಂಕ್’ ಅಂತ ಬರೆದ ಸಾಲನ್ನು ನೋಡಿದಾಗ ಕೈ ಎಲ್ಲಿಡಬೇಕು ಅಂತ ತಿಳಿಯುವುದಿಲ್ಲ. ಕಣ್ಣು ಅದನ್ನು ದಾಟಿ ಮುಂದಿನ ಸಾಲಿಗೆ ಹೋಗುತ್ತದೆ. ಸಾಲು ಒಂದು ಕ್ರಿಯೆಯಲ್ಲಿ ಮುಗಿಯಬೇಕು: ಫೋನ್ ಮಾಡು, ತೆರೆದು ಓದು, ಪಟ್ಟಿ ಕಳಿಸು. ಪರೀಕ್ಷೆ ಸುಲಭ. ಆ ಸಾಲನ್ನು ಇನ್ನೊಬ್ಬರ ಕೈಗೆ ಕೊಟ್ಟರೆ, ನಿಮ್ಮನ್ನು ಏನೂ ಕೇಳದೆ ಅವರು ಶುರು ಮಾಡಬಲ್ಲರಾ?

ಕೆಲವು ಸಲ ಮೊದಲ ಹೆಜ್ಜೆಗೂ ಮುಂಚೆ ಬೇರೇನೋ ಬೇಕಿರುತ್ತದೆ. ಫಾರಂ ತುಂಬಿಸಲು ಒಂದು ನಂಬರ್ ಬೇಕು, ಆ ನಂಬರ್ ಹಳೆಯ ಫೈಲಿನಲ್ಲಿದೆ, ಫೈಲ್ ಎಲ್ಲಿದೆ ಗೊತ್ತಿಲ್ಲ. ಹಾಗಿದ್ದರೆ ಫೈಲ್ ಹುಡುಕುವುದೇ ಮುಂದಿನ ಹೆಜ್ಜೆ. ಅದನ್ನೇ ಬರೆಯಿರಿ.

ಇವೆರಡೂ ಅಲ್ಲದಿದ್ದರೆ, ನಿಮಗೆ ಅದನ್ನು ಮಾಡುವ ಮನಸ್ಸಿಲ್ಲ. ಅದು ತಪ್ಪೇನಲ್ಲ. ಬೇರೆಯವರಿಗೆ ಒಪ್ಪಿಸಿ, ಚಿಕ್ಕದು ಮಾಡಿ, ಇಲ್ಲವೇ ಬಿಡಿ. ಯಾವುದೂ ಆಗದಂಥ ಕೆಲಸವಾದರೆ ಇನ್ನೊಬ್ಬರ ಜೊತೆ ಹೊತ್ತು ಗೊತ್ತುಮಾಡಿ ಕೂತು ಮಾಡಿ. ಒಬ್ಬರೇ ಇದ್ದಾಗ ತಪ್ಪಿಸಿಕೊಳ್ಳುವ ಕೆಲಸ ಇಬ್ಬರಿದ್ದಾಗ ಶುರುವಾಗುತ್ತದೆ.

ಬೇರೆಯವರಿಂದ ಬರಬೇಕಾದದ್ದನ್ನು ಹೇಗೆ ನೋಡಿಕೊಳ್ಳಲಿ?

ಕಾಯುತ್ತಿರುವ ಪಟ್ಟಿಯ ಪ್ರತಿ ಸಾಲಿನಲ್ಲೂ ಮೂರು ವಿವರ ಇರಲಿ: ಯಾರಿಂದ, ಏನು, ಯಾವತ್ತು ಕೇಳಿದ್ದು. ದಿನಾಂಕ ಇಲ್ಲದಿದ್ದರೆ ‘ಮೊನ್ನೆ ತಾನೇ ಕೇಳಿದೆ’ ಅನಿಸುತ್ತಲೇ ಮೂರು ವಾರ ಕಳೆಯುತ್ತದೆ. ರಿವ್ಯೂನಲ್ಲಿ ಪ್ರತಿ ಸಾಲಿಗೂ ಒಂದೇ ಪ್ರಶ್ನೆ: ಇನ್ನೊಂದು ವಾರ ಕಾದರೆ ಏನಾದರೂ ಕೆಡುತ್ತದಾ? ಕೆಡುವುದಾದರೆ ಜ್ಞಾಪಿಸಿ. ಜ್ಞಾಪಿಸುವಾಗ ‘ಏನಾಯ್ತು?’ ಅಂತ ಕೇಳುವುದಕ್ಕಿಂತ ‘ಗುರುವಾರದೊಳಗೆ ಸಿಕ್ಕರೆ ಶುಕ್ರವಾರ ಮುಂದಕ್ಕೆ ಕಳಿಸಬಹುದು’ ಅಂತ ಬರೆದರೆ ಉತ್ತರ ಬೇಗ ಬರುತ್ತದೆ, ಎದುರಿನವರಿಗೂ ನೆಮ್ಮದಿ.

ಇನ್‌ಬಾಕ್ಸಿನಲ್ಲಿ ಸಾವಿರಾರು ಮೇಲ್ ಇವೆ. ಮೊದಲು ಅದನ್ನು ಖಾಲಿ ಮಾಡಬೇಕಾ?

ಬೇಡ. ಕಳೆದ ಎರಡು ವಾರದ ಮೇಲ್‌ಗಳನ್ನು ಮಾತ್ರ ನೋಡಿ. ಅದಕ್ಕಿಂತ ಹಳೆಯದನ್ನೆಲ್ಲ ‘ಹಳೆಯದು’ ಅಂತ ಒಂದು ಫೋಲ್ಡರಿಗೆ ಸರಿಸಿ. ಬೇಕಾದಾಗ ಹುಡುಕಿದರೆ ಅಲ್ಲಿ ಸಿಗುತ್ತದೆ. ಅದರಲ್ಲಿ ನಿಜಕ್ಕೂ ಮುಖ್ಯವಾದದ್ದಿದ್ದರೆ ಕಳಿಸಿದವರು ಇನ್ನೊಮ್ಮೆ ಕೇಳುವ ಸಾಧ್ಯತೆಯೇ ಜಾಸ್ತಿ. ಕೊನೆಯ ದಿನಾಂಕ, ಹಣ ಅಥವಾ ಸರ್ಕಾರಿ ಕಾಗದಕ್ಕೆ ಸಂಬಂಧಪಟ್ಟದ್ದನ್ನು ಮಾತ್ರ ಸರಿಸುವ ಮುಂಚೆ ಒಮ್ಮೆ ಹುಡುಕಿ ನೋಡಿ.

ಯಾವ ಆಪ್ ಒಳ್ಳೆಯದು?

ನೀವು ಈಗಾಗಲೇ ದಿನವೂ ತೆರೆಯುವುದು. ಒಂದು ಕ್ಯಾಲೆಂಡರ್, ಒಂದು ಪಟ್ಟಿ ಸಾಕು. ಕಾಗದದ ನೋಟ್‌ಬುಕ್ ಆದರೂ ಆದೀತು. ಪಟ್ಟಿ ಎರಡು ಕಡೆ ಇರಬಾರದು ಅನ್ನುವುದೊಂದೇ ಷರತ್ತು. ಹೊಸ ಆಪ್ ಹುಡುಕುವ ಕೆಲಸವನ್ನು ರಿವ್ಯೂ ಹೊತ್ತಿನಲ್ಲಿ ಖಂಡಿತ ಮಾಡಬೇಡಿ.

ಎರಡು ಮೂರು ವಾರ ತಪ್ಪಿಹೋಯಿತು. ಮತ್ತೆ ಹೇಗೆ ಶುರು ಮಾಡಲಿ?

ತಪ್ಪಿದ ವಾರಗಳ ರಿವ್ಯೂ ಮಾಡಲು ಹೋಗಬೇಡಿ. ಇವತ್ತಿನಿಂದ ಶುರು ಮಾಡಿ, ಕ್ಯಾಲೆಂಡರ್ ಮಾತ್ರ ತಪ್ಪಿದಷ್ಟು ಹಿಂದಕ್ಕೆ ನೋಡಿ.

ಒಂದು ಗಂಟೆ ಸಿಗುವುದೇ ಇಲ್ಲ ಅನ್ನುವ ವಾರಗಳಿಗೆ ಒಂದು ಕಿರು ರೂಪ ಇಟ್ಟುಕೊಳ್ಳಿ. ಹದಿನೈದು ನಿಮಿಷ, ಎರಡೇ ಹೆಜ್ಜೆ: ಮುಂದಿನ ಎರಡು ವಾರದ ಕ್ಯಾಲೆಂಡರ್ ನೋಡೋದು, ಕಾಯುತ್ತಿರುವ ಪಟ್ಟಿ ನೋಡೋದು. ಈ ಎರಡನ್ನೇ ಯಾಕೆ ಆರಿಸಿದ್ದು ಅಂದರೆ, ದಿನಾಂಕ ದಾಟಿದ್ದನ್ನೂ ಇನ್ನೊಬ್ಬರು ಮರೆತದ್ದನ್ನೂ ಆಮೇಲೆ ಸರಿಪಡಿಸುವುದು ಕಷ್ಟ. ಉಳಿದದ್ದು ಒಂದು ವಾರ ತಡೆಯುತ್ತದೆ. ಆದರೆ ಕಿರು ರೂಪ ಸತತ ಮೂರು ವಾರ ನಡೆದರೆ ಪಟ್ಟಿಯ ಮೇಲಿನ ನಂಬಿಕೆ ಹೋಗುತ್ತದೆ, ಬಾಕಿಗಳು ಮತ್ತೆ ತಲೆಗೆ ವಾಪಸ್ ಬರುತ್ತವೆ.

ರಿವ್ಯೂ ಸರಿಯಾಗಿ ಆಗುತ್ತಿದೆ ಅಂತ ಹೇಗೆ ಗೊತ್ತಾಗುತ್ತದೆ?

ವಾರದ ಮಧ್ಯೆ ಏನಾಗುತ್ತದೆ ನೋಡಿ. ಹೊಸ ಕೆಲಸ ಬಂದಾಗ ‘ಈ ವಾರ ಆಗಲ್ಲ, ಮುಂದಿನ ಮಂಗಳವಾರ ಮಾಡಬಹುದು’ ಅಂತ ಪಟ್ಟಿ ನೋಡಿ ಧೈರ್ಯವಾಗಿ ಹೇಳಲು ಬಂದರೆ ಸರಿಯಾಗಿ ಆಗುತ್ತಿದೆ. ‘ನೋಡೋಣ, ಪ್ರಯತ್ನ ಮಾಡ್ತೀನಿ’ ಅಂತಲೇ ಬಾಯಿಗೆ ಬರುತ್ತಿದ್ದರೆ ನಿಮಗೆ ನಿಮ್ಮ ವಾರದ ಅಳತೆ ಗೊತ್ತಿಲ್ಲ.

ಇನ್ನೊಂದು ಗುರುತು ರಾತ್ರಿ. ಮಲಗಿದಾಗ ಕೆಲಸವೊಂದು ನೆನಪಾಗಿ, ‘ಅದು ಪಟ್ಟಿಯಲ್ಲಿದೆ’ ಅಂದುಕೊಂಡ ಕೂಡಲೇ ಹೋಗಿಬಿಟ್ಟರೆ ಪಟ್ಟಿಯನ್ನು ನೀವು ನಂಬಿದ್ದೀರಿ. ಪಟ್ಟಿಯಲ್ಲಿದ್ದೂ ಕಾಡುತ್ತಿದ್ದರೆ ಆ ಸಾಲು ನಿರ್ದಿಷ್ಟವಾಗಿಲ್ಲ, ಇಲ್ಲವೇ ಅದಕ್ಕೆ ದಿನ ಸಿಕ್ಕಿಲ್ಲ. ಬರುವ ರಿವ್ಯೂನಲ್ಲಿ ಮೊದಲು ಅದನ್ನೇ ತೆಗೆದುಕೊಳ್ಳಿ.

ಕೆಟ್ಟ ಗುರುತೂ ಒಂದಿದೆ. ರಿವ್ಯೂ ಮುಗಿಸಿದ ಮೇಲೆ ಪಟ್ಟಿ ಅಂದವಾಗಿದೆ, ಬಣ್ಣ ಬಣ್ಣದ ಗುರುತುಗಳಿವೆ, ಆದರೆ ಯಾವ ಸಾಲೂ ಕಡಿಮೆ ಆಗಿಲ್ಲ, ಯಾವುದೂ ಕ್ಯಾಲೆಂಡರಿಗೆ ಹೋಗಿಲ್ಲ. ಅಲ್ಲಿ ನಡೆದದ್ದು ಜೋಡಣೆ ಮಾತ್ರ, ತೀರ್ಮಾನ ಒಂದೂ ಆಗಿಲ್ಲ.

ಎಲ್ಲ ಮಾಡಿದರೂ ಕೆಲಸ ಹಿಡಿಸುತ್ತಲೇ ಇಲ್ಲ. ನಾನೇನು ತಪ್ಪು ಮಾಡುತ್ತಿದ್ದೀನಿ?

ಬಹುಶಃ ಏನೂ ತಪ್ಪು ಮಾಡುತ್ತಿಲ್ಲ. ಹತ್ತು ಗಂಟೆಯ ಜಾಗಕ್ಕೆ ಪ್ರತಿ ವಾರ ಇಪ್ಪತ್ತು ಗಂಟೆಯ ಕೆಲಸ ಬರುತ್ತಿದ್ದರೆ ಯಾವ ರಿವ್ಯೂಗೂ ಅದನ್ನು ಹಿಡಿಸಲು ಆಗುವುದಿಲ್ಲ. ರಿವ್ಯೂ ಮಾಡಬಹುದಾದದ್ದು ಇಷ್ಟು: ಆ ಅಂತರವನ್ನು ಎಲ್ಲರಿಗೂ ಕಾಣುವ ಹಾಗೆ ಮಾಡುವುದು.

ಮೂರು ನಾಲ್ಕು ವಾರದ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆಯಿರಿ. ಎಡಗಡೆ ಸಿಕ್ಕ ಗಂಟೆಗಳು, ಬಲಗಡೆ ಒಪ್ಪಿಸಿದ ಕೆಲಸಗಳು ಮತ್ತು ಒಂದೊಂದಕ್ಕೆ ನಿಜವಾಗಿ ಹಿಡಿದ ಹೊತ್ತು. ಕೆಲಸ ಕೊಡುವವರ ಮುಂದೆ ಅದನ್ನು ಇಡಿ. ‘ನನಗೆ ತುಂಬಾ ಕೆಲಸ ಇದೆ’ ಅಂದರೆ ‘ಎಲ್ಲರಿಗೂ ಇದೆ’ ಅನ್ನುವ ಉತ್ತರ ಬರುತ್ತದೆ, ಅಲ್ವಾ? ಹಾಳೆ ತೋರಿಸಿ, ‘ಈ ವಾರ ಇದರಲ್ಲಿ ಎರಡು ಮಾತ್ರ ಆಗುತ್ತದೆ, ಯಾವ ಎರಡು ಮೊದಲು ಬೇಕು?’ ಅಂತ ಕೇಳಿ. ಅವರು ಆರಿಸಿದ್ದನ್ನು ಅಲ್ಲೇ ಬರೆದುಕೊಂಡು, ಉಳಿದವುಗಳ ಪಕ್ಕ ಹೊಸ ದಿನಾಂಕ ಹಾಕಿಸಿಕೊಂಡು ಬನ್ನಿ.